ಕಂತು ಅರ್ಧವಾಯಿತು, ಬಡ್ಡಿ ಎಷ್ಟಾಯಿತು?

ನಮ್ಮ ಬೀದಿಯಲ್ಲಿ ರವಿಕೆ ಹೊಲಿಯುವ ಅಕ್ಕ ಕಳೆದ ತಿಂಗಳು ಒಂದು ಕಾಗದ ಹಿಡಿದುಕೊಂಡು ಮನೆಗೆ ಬಂದರು. ಫೈನಾನ್ಸ್ ಕಂಪನಿಯೊಂದು ಅವರ ಮೂರೂ ಸಾಲ ತೀರಿಸಲು ಒಂದು ಲಕ್ಷ ಕೊಡಲು ಒಪ್ಪಿತ್ತು. ವರ್ಷಕ್ಕೆ ಶೇ 16 ಬಡ್ಡಿ, 36 ಕಂತು, ತಿಂಗಳಿಗೆ 3,516 ರೂಪಾಯಿ. ‘ಈಗ ಏಳು ಸಾವಿರದ ಮೇಲೆ ಕಟ್ತಾ ಇದೀನಿ ಸರ್, ಅರ್ಧಕ್ಕರ್ಧ ಉಳಿಯುತ್ತಲ್ಲ, ಸಹಿ ಹಾಕ್ಲಾ?’ ಎಂದರು. ನಾನು ಬ್ಯಾಂಕಿನಲ್ಲಿ ದುಡಿದವನೆಂಬ ನಂಬಿಕೆ ಅವರಿಗೆ.

ಅವರ ಸಂಘದ ಪಾಸ್‌ಬುಕ್ಕು, ಸ್ಕೂಟರ್ ಸಾಲದ ಕಾಗದ ತರಿಸಿಕೊಂಡು ಕೂತೆವು. ಮೈಕ್ರೋಫೈನಾನ್ಸ್ ಸಂಘದಲ್ಲಿ 25,000 ಅಸಲು ಬಾಕಿ, ಶೇ 24ರ ಬಡ್ಡಿ, 2,783 ರೂಪಾಯಿಯ ಹತ್ತು ಕಂತು. ಸ್ಕೂಟರಿನದು 35,000, ಶೇ 18, 3,209 ರೂಪಾಯಿಯ ಹನ್ನೆರಡು ಕಂತು. ಮೂರನೆಯದಕ್ಕೆ ಪಾಸ್‌ಬುಕ್ಕೇ ಇಲ್ಲ. ಪರಿಚಯದವರೊಬ್ಬರಿಂದ ನೂರಕ್ಕೆ ಮೂರರಂತೆ ತಂದ 40,000 ಕೈಸಾಲ. ತಿಂಗಳು ತಿಂಗಳು 1,200 ಬಡ್ಡಿ ಕೊಡುತ್ತಾರೆ, ಅಸಲು ಹಾಗೇ ಕೂತಿದೆ.

ಮೊದಲು ಹಳೆಯ ಕಂತುಗಳಲ್ಲಿ ಇನ್ನೆಷ್ಟು ಬಡ್ಡಿ ಉಳಿದಿದೆ ಎಂದು ನೋಡಿದೆವು. ಇದಕ್ಕೆ ದೊಡ್ಡ ಲೆಕ್ಕ ಬೇಕಿಲ್ಲ. ಉಳಿದ ಕಂತುಗಳನ್ನು ಕೂಡಿಸಿ ಬಾಕಿ ಅಸಲನ್ನು ಕಳೆದರಾಯಿತು. ಸಂಘದ ಹತ್ತು ಕಂತು ಸೇರಿ ಸುಮಾರು 27,830. ಅಂದರೆ ಬಡ್ಡಿ ಕೇವಲ 2,830. ಸ್ಕೂಟರಿನಲ್ಲಿ ಸುಮಾರು 3,500. ಶೇ 24 ಎಂದರೆ ಹೆದರಿಕೆಯಾಗುತ್ತದೆ, ನಿಜ. ಆದರೆ ಬಡ್ಡಿ ಬೀಳುವುದು ಉಳಿದ ಅಸಲಿನ ಮೇಲೆ. ಈ ತಿಂಗಳ ಸಂಘದ ಕಂತಿನಲ್ಲಿ 500 ರೂಪಾಯಿ ಬಡ್ಡಿ, ಕೊನೆಯ ಕಂತಿನಲ್ಲಿ ಬರೀ 55. ಭಾರದ ಬಡ್ಡಿಯನ್ನೆಲ್ಲ ಅಕ್ಕ ಆಗಲೇ ಕಟ್ಟಿ ಮುಗಿಸಿದ್ದರು.

ಇದೇ 25,000ವನ್ನು ಹೊಸ ಸಾಲಕ್ಕೆ ಸೇರಿಸಿದರೆ ಮೂರು ವರ್ಷಕ್ಕೆ ಸುಮಾರು 6,640 ಬಡ್ಡಿ. ಸ್ಕೂಟರಿನ ಪಾಲಿಗೆ 9,300. ದರ ಇಳಿದರೂ ಬಡ್ಡಿ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ, ಏಕೆಂದರೆ ಒಂದು ವರ್ಷದೊಳಗೆ ತೀರುವ ಸಾಲವನ್ನು ಮೂರು ವರ್ಷಕ್ಕೆ ಎಳೆದಂತಾಯಿತು. ಅಕ್ಕನಿಗೆ ಹಿಡಿಸಿದ ಆ ಸಣ್ಣ ಕಂತು ಹುಟ್ಟಿದ್ದೂ ಅಲ್ಲಿಂದಲೇ.

ಇದರ ಮೇಲೆ ಖರ್ಚು ಬೇರೆ. ಶೇ 2 ಪ್ರೊಸೆಸಿಂಗ್ ಫೀ, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 2,360. ಇದನ್ನು ಮೊದಲೇ ಮುರಿದುಕೊಳ್ಳುವುದರಿಂದ ಕೈಗೆ ಬರುವುದು 97,640. ಮೂರು ಸಾಲ ತೀರಿಸಲು ಅಷ್ಟು ಸಾಲದು, ಕೊರತೆಗೆ ಮತ್ತೆ ಕೈಸಾಲ! ಸ್ಕೂಟರ್ ಸಾಲವನ್ನು ಅವಧಿಗೆ ಮುಂಚೆ ಮುಚ್ಚಲು ಅವರ ಕರಾರಿನಂತೆ ಶೇ 4 ದಂಡ, ಜಿಎಸ್‌ಟಿ ಸೇರಿ 1,652. ಮೈಕ್ರೋಫೈನಾನ್ಸ್ ಸಾಲಕ್ಕೆ ಮಾತ್ರ ಇಂಥ ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ.

‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೊಟ್ಟಿದ್ದಾರಾ?’ ಎಂದು ಕೇಳಿದೆ. ಅಕ್ಕನ ಹತ್ತಿರ ಇರಲಿಲ್ಲ. 2024ರ ಅಕ್ಟೋಬರ್‌ನಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಇಂಥ ಸಾಲಗಳಿಗೆ ಸಹಿಗೆ ಮುಂಚೆ, ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಇದನ್ನು ಕೊಡಲೇಬೇಕು. ಅದರಲ್ಲಿ ಎಪಿಆರ್ ಎಂಬ ಸಾಲನ್ನು ಹುಡುಕಿ. ಫೀ ಸೇರಿಸಿದ ನಿಜವಾದ ವಾರ್ಷಿಕ ದರ ಅದು. ಅಕ್ಕನ ಶೇ 16 ಅಲ್ಲಿ ಸುಮಾರು ಶೇ 17.7 ಆಗುತ್ತದೆ. ದರವನ್ನು ‘ಫ್ಲಾಟ್’ ಎಂದು ಹೇಳಿದ್ದರಂತೂ ಎಪಿಆರ್ ನೋಡದೆ ಮುಂದೆ ಹೋಗಲೇಬಾರದು. ಫ್ಲಾಟ್‌ನಲ್ಲಿ ಅಸಲು ಕರಗುತ್ತಿದ್ದರೂ ಬಡ್ಡಿ ಮಾತ್ರ ಮೊದಲ ದಿನದ ಮೊತ್ತಕ್ಕೇ ಬೀಳುತ್ತಿರುತ್ತದೆ.

ಹಾಗಾದರೆ ಕೈಸಾಲ? ಅದರ ಕಥೆಯೇ ಬೇರೆ. ನೂರಕ್ಕೆ ಮೂರು ಎಂದರೆ ವರ್ಷಕ್ಕೆ ಶೇ 36. ಹೀಗೇ ಮೂರು ವರ್ಷ ನಡೆದರೆ 43,200 ಬಡ್ಡಿ ಕೊಟ್ಟ ಮೇಲೂ 40,000 ಬಾಕಿ. ಇದೊಂದನ್ನೇ ಶೇ 16ಕ್ಕೆ ವರ್ಗಾಯಿಸಿದರೆ 36 ತಿಂಗಳಿಗೆ ಕಂತು 1,406. ಈಗ ಬರೀ ಬಡ್ಡಿಗೆ ಕೊಡುತ್ತಿರುವುದಕ್ಕಿಂತ 206 ರೂಪಾಯಿ ಹೆಚ್ಚು, ಅಷ್ಟೇ. ಅಷ್ಟರಲ್ಲಿ ಅಸಲೂ ತೀರುತ್ತದೆ, ಬಡ್ಡಿ ಸುಮಾರು 10,630ಕ್ಕೆ ನಿಲ್ಲುತ್ತದೆ.

ಮೂರನ್ನೂ ಸೇರಿಸಿದ್ದರೆ ಬಡ್ಡಿ ಮತ್ತು ಫೀ ಸೇರಿ ಸುಮಾರು 28,900 ಆಗುತ್ತಿತ್ತು. ಕೈಸಾಲವನ್ನಷ್ಟೇ ಬದಲಿಸಿ ಉಳಿದೆರಡನ್ನು ಹಾಗೇ ಬಿಟ್ಟರೆ 17,900. ತಿಂಗಳಿಗೆ 7,192 ಕಟ್ಟುತ್ತಿದ್ದವರು 7,398 ಕಟ್ಟಬೇಕು. ಆ 206 ಹೊಂದಿಸಲಾಗದ ಮನೆಗೆ ಈ ಲೆಕ್ಕ ಕೂಡುವುದಿಲ್ಲ. ಅಂಥವರು ಕಂತು ತಪ್ಪಿಸಿ ದಂಡ ತೆರುವ ಬದಲು ಹೆಚ್ಚು ಬಡ್ಡಿಯಾದರೂ ಉದ್ದದ ಸಾಲ ತೆಗೆದುಕೊಳ್ಳುವುದೇ ಸರಿ. ಅಕ್ಕ ಹೊಂದಿಸುತ್ತೇನೆ ಎಂದರು. ಹತ್ತು ತಿಂಗಳ ಮೇಲೆ ಸಂಘದ ಕಂತು ಮುಗಿದಾಗ ಆ ಹಣವನ್ನು ಈ 40,000ದ ಹೊಸ ಸಾಲದ ಅಸಲಿಗೆ ಕಟ್ಟಲು ದಂಡವಿಲ್ಲದೆ ಬಿಡುತ್ತಾರೆಯೇ ಎಂದು ಕೇಳಿ, ಬರಹದಲ್ಲಿ ಪಡೆದೇ ಸಹಿ ಹಾಕಿದರು.

ಫೀ ಕಳೆದು ಖಾತೆಗೆ ಬಂದದ್ದು 39,056. ಉಳಿದ 944ನ್ನು ಹೊಲಿಗೆಯ ದುಡ್ಡಿನಿಂದ ಸೇರಿಸಿ, ಅದೇ ಸಂಜೆ ಕೈಸಾಲದವರ ಮನೆಗೆ ಹೋಗಿ ಕೊಟ್ಟರು. ಬರುವಾಗ ಬರೆದುಕೊಟ್ಟಿದ್ದ ಪ್ರೋನೋಟು, ಸಹಿ ಹಾಕಿಟ್ಟಿದ್ದ ಖಾಲಿ ಚೆಕ್ಕು ಎರಡನ್ನೂ ಕೇಳಿ ವಾಪಸ್ ತಂದಿದ್ದರು. ಚೆಕ್ಕನ್ನು ನನ್ನೆದುರೇ ಹರಿದರು.