ಎರಡು ಸಂಬಳ, ಒಂದು ಹಾಳೆ: ತಿಂಗಳ ಲೆಕ್ಕದ ತಪ್ಪು ಕಲ್ಪನೆಗಳು ಮತ್ತು ಸತ್ಯ

ಲೋಣಾವಳಾದಲ್ಲಿ ಸಂಪಾದನೆಗೆ ಎರಡು ದಾರಿ. ಒಂದು ಪ್ರವಾಸಿಗರನ್ನು ನಂಬಿದ್ದು: ಹೋಟೆಲು, ರೆಸಾರ್ಟು, ಚಿಕ್ಕಿ ಅಂಗಡಿ. ಇನ್ನೊಂದು ಪುಣೆ ಲೋಕಲ್ ಹತ್ತಿ ತಳೇಗಾಂವ್, ಪಿಂಪ್ರಿ ಕಡೆಯ ಕಾರ್ಖಾನೆಗೆ ಹೋಗುವವರದ್ದು. ಮನೆಯಲ್ಲಿ ಇಬ್ಬರೂ ದುಡಿಯುವಾಗ ಈ ಎರಡು ಬಗೆಯ ಸಂಬಳಗಳು ಒಂದೇ ಸೂರಿನಡಿ ಸೇರುವುದುಂಟು. ಆಗ ತಿಂಗಳ ಲೆಕ್ಕವನ್ನು ಬರೆದಿಡದೆ ಬರೀ ಬಾಯಿಮಾತಿನಲ್ಲಿ ನಡೆಸಿದರೆ ಎಲ್ಲಿ ಎಡವುತ್ತೇವೆ ಎಂಬುದನ್ನು ಒಂದು ಉದಾಹರಣೆ ಹಿಡಿದು ನೋಡೋಣ.

ಉಡುಪಿ ಕಡೆಯಿಂದ ಬಂದು ಇಲ್ಲಿ ಬಾಡಿಗೆಗಿರುವ ದಂಪತಿ, ಶಾಲೆಗೆ ಹೋಗುವ ಒಂದು ಮಗು ಎಂದಿಟ್ಟುಕೊಳ್ಳಿ. ಗಂಡ ತಳೇಗಾಂವ್‌ನ ಕಾರ್ಖಾನೆಯಲ್ಲಿದ್ದಾನೆ. ಒಂದನೇ ತಾರೀಖಿಗೆ 44,000 ರೂಪಾಯಿ ಖಾತೆಗೆ ಬೀಳುತ್ತದೆ. ಹೆಂಡತಿ ಊರಿನದೇ ಒಂದು ರೆಸಾರ್ಟಿನ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ಏಳನೇ ತಾರೀಖಿಗೆ 22,000 ಬರುತ್ತದೆ. ಒಟ್ಟು 66,000. ಇದು ಪಿಎಫ್, ವೃತ್ತಿ ತೆರಿಗೆ ಕಳೆದು ಕೈಗೆ ಸಿಗುವ ಹಣ. ಹಾಳೆಯ ಮೊದಲ ಸಾಲಿನಲ್ಲಿ ಬರೆಯಬೇಕಾದ್ದು ಈ ಮೊತ್ತವನ್ನೇ, ಕೆಲಸಕ್ಕೆ ಸೇರುವಾಗ ಕೊಟ್ಟ ಪತ್ರದಲ್ಲಿರುವ ಮೊತ್ತವನ್ನಲ್ಲ.

ತಪ್ಪು ಕಲ್ಪನೆ 1: ಬಾಡಿಗೆ, ಮನೆಖರ್ಚು ಸರಿಯಾಗಿ ಅರ್ಧರ್ಧ ಹಂಚಿಕೊಂಡರೆ ನ್ಯಾಯ

ಸತ್ಯ: ಸಂಬಳ ಸಮನಾಗಿದ್ದರೆ ಮಾತ್ರ ಅದು ನ್ಯಾಯ. ಈ ಮನೆಯ ಖರ್ಚು ಹೀಗಿದೆ: ಬಾಡಿಗೆ 15,000, ದಿನಸಿ, ಹಾಲು, ಗ್ಯಾಸ್, ಕರೆಂಟು, ಮೊಬೈಲು ಸೇರಿ 14,000, ರೈಲಿನ ಪಾಸು ಮತ್ತು ಸ್ಕೂಟರಿಗೆ 3,000, ಊರಿನಲ್ಲಿರುವ ಹಿರಿಯರಿಗೆ 4,000. ಒಟ್ಟು 36,000. ಇದನ್ನು ಅರ್ಧ ಮಾಡಿದರೆ ತಲಾ 18,000. ಗಂಡನ ಬಳಿ 26,000 ಉಳಿಯುತ್ತದೆ, ಹೆಂಡತಿಯ ಬಳಿ ಬರೀ 4,000. ಅಂದರೆ ಆಕೆ ತನ್ನ ಹೆಸರಿನಲ್ಲಿ ಏನನ್ನೂ ಕೂಡಿಡಲಾರಳು. ಹತ್ತು ವರ್ಷ ಹೀಗೇ ನಡೆದರೆ ಆಸ್ತಿಯೆಲ್ಲ ಒಬ್ಬರ ಹೆಸರಿನಲ್ಲಿ, ದುಡಿಮೆ ಮಾತ್ರ ಇಬ್ಬರದು.

ಸಂಬಳದ ಪ್ರಮಾಣ ಎರಡಕ್ಕೆ ಒಂದು. ಖರ್ಚನ್ನೂ ಹಾಗೇ ಹಂಚಿದರೆ ಗಂಡನ ಪಾಲು 24,000, ಹೆಂಡತಿಯದು 12,000. ಇಬ್ಬರೂ ತಂತಮ್ಮ ಪಾಲನ್ನು ಸಂಬಳ ಬಂದ ಮರುದಿನವೇ ಒಂದು ಜಂಟಿ ಖಾತೆಗೆ ಹಾಕಬೇಕು. ಮನೆಖರ್ಚೆಲ್ಲ ಅಲ್ಲಿಂದಲೇ ಆಗಬೇಕು. ಆಮೇಲೆ ಆತನ ಬಳಿ 20,000, ಆಕೆಯ ಬಳಿ 10,000 ಉಳಿಯುತ್ತದೆ. ಆಪತ್ತಿನ ಹಣ, ಗುರಿಗಳು, ಹೂಡಿಕೆ ಮೂರೂ ಹೊರಡುವುದು ಈ 30,000ದಿಂದ. ಒಬ್ಬರ ಸಂಬಳ ಏರಿದ ತಿಂಗಳು ಪಾಲನ್ನು ಮತ್ತೆ ಲೆಕ್ಕ ಹಾಕಬೇಕು.

ತಪ್ಪು ಕಲ್ಪನೆ 2: ಎರಡು ಸಂಬಳ ಇರುವ ಮನೆಗೆ ಆಪತ್ತಿನ ಹಣ ಯಾಕೆ? ಒಂದು ನಿಂತರೆ ಇನ್ನೊಂದು ಇದೆಯಲ್ಲ

ಸತ್ಯ: ಯಾವುದು ನಿಂತಿತು ಎಂಬುದರ ಮೇಲೆ ಎಲ್ಲ ನಿಂತಿದೆ. ಹೆಂಡತಿಯ ಸಂಬಳ ನಿಂತರೆ 44,000ದಲ್ಲಿ 36,000ದ ಖರ್ಚು ನಡೆದುಹೋಗುತ್ತದೆ. ಗಂಡನದು ನಿಂತರೆ 22,000 ಸಾಲದು. ತಿಂಗಳಿಗೆ 14,000 ಕೊರತೆ. ಎರಡೂ ಒಟ್ಟಿಗೆ ನಿಂತರೆ ಪೂರ್ತಿ 36,000 ಕೊರತೆ. ಹಾಳೆಯಲ್ಲಿ ಈ ಮೂರು ಸಾಲುಗಳನ್ನೂ ಬರೆದರೆ ಎಷ್ಟು ಕೂಡಿಡಬೇಕು ಎಂಬುದು ತಾನೇ ಗೊತ್ತಾಗುತ್ತದೆ. ಎರಡೂ ನಿಂತಾಗ ಮೂರು ತಿಂಗಳು ನಡೆಯಲು 1,08,000 ಬೇಕು. ದೊಡ್ಡ ಸಂಬಳ ಮಾತ್ರ ನಿಂತರೆ ಇದೇ ಹಣ ಏಳು ತಿಂಗಳಿಗೂ ಮೀರಿ ಬರುತ್ತದೆ. ತಿಂಗಳಿಗೆ 9,000ದಂತೆ ಹನ್ನೆರಡು ತಿಂಗಳಲ್ಲಿ ಈ ಮೊತ್ತ ತುಂಬುತ್ತದೆ.

ಇಬ್ಬರೂ ಹೋಟೆಲು, ರೆಸಾರ್ಟುಗಳನ್ನೇ ನಂಬಿದ್ದರೆ ಮೂರು ತಿಂಗಳು ಸಾಲದು, ಆರು ತಿಂಗಳದು ಬೇಕು. 2020ರ ಮಾರ್ಚ್ 25ರ ಲಾಕ್‌ಡೌನ್ ಪ್ರವಾಸೋದ್ಯಮವನ್ನು ಒಂದೇ ದಿನಕ್ಕೆ ಮುಚ್ಚಿತು. 2024ರ ಜೂನ್ 30ರಂದು ಭೂಶಿ ಅಣೆಕಟ್ಟಿನ ಹಿಂಬದಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದ ಮೇಲೆ, ಮಳೆಗಾಲದ ವ್ಯಾಪಾರ ಏರುವ ಹೊತ್ತಿನಲ್ಲೇ ಜಿಲ್ಲಾಡಳಿತ ಪ್ರವಾಸಿ ತಾಣಗಳಿಗೆ ನಿರ್ಬಂಧ ಹಾಕಿತು. ಒಂದೇ ಕಸುಬನ್ನು ನಂಬಿದ ಎರಡು ಸಂಬಳ ಆಪತ್ತಿನ ಲೆಕ್ಕದಲ್ಲಿ ಒಂದೇ ಸಂಬಳ. ಇದೇ ಕಾರಣಕ್ಕೆ ಸೀಸನ್ನಿನಲ್ಲಿ ಹೆಚ್ಚಿಗೆ ಸಿಗುವ ಹಣವನ್ನು ತಿಂಗಳ 66,000ದೊಳಗೆ ಸೇರಿಸಬಾರದು. ಅದು ಬಂದಾಗ ಆಪತ್ತಿನ ಖಾತೆಗೆ ಹೋಗಲಿ. ಹನ್ನೆರಡು ತಿಂಗಳ ಕೆಲಸ ಒಂಬತ್ತಕ್ಕೆ ಮುಗಿದರೆ ಲಾಭವೇ.

ಕ್ರೆಡಿಟ್ ಕಾರ್ಡ್ ಇದೆ, ಅದೇ ಆಪತ್ತಿನ ಹಣ ಎನ್ನುವವರೂ ಇದ್ದಾರೆ. ಬಿಲ್ಲನ್ನು ಪೂರ್ತಿ ಕಟ್ಟಲಾಗದಿದ್ದರೆ ತಿಂಗಳಿಗೆ ಶೇಕಡಾ 3ರಿಂದ 3.5ರ ಬಡ್ಡಿ ಸಾಮಾನ್ಯ. ಸಂಬಳ ನಿಂತ ಮನೆಯಲ್ಲಿ ಪೂರ್ತಿ ಕಟ್ಟುವವರು ಯಾರು?

ತಪ್ಪು ಕಲ್ಪನೆ 3: ಬ್ಯಾಂಕಿನಲ್ಲಿರುವ ಹಣಕ್ಕೆ 5 ಲಕ್ಷದವರೆಗೆ ವಿಮೆ ಇದೆ, ಆದ್ದರಿಂದ ಒಂದೇ ಬ್ಯಾಂಕು ಸಾಕು

ಸತ್ಯ: ವಿಮೆ ಇರುವುದು ನಿಜ, 2020ರ ಫೆಬ್ರವರಿಯಿಂದ ಪ್ರತಿ ಬ್ಯಾಂಕಿನಲ್ಲಿ ಪ್ರತಿ ಠೇವಣಿದಾರರಿಗೆ 5 ಲಕ್ಷದವರೆಗೆ ರಕ್ಷಣೆ ಇದೆ. ಆದರೆ ಅದು ಅದೇ ದಿನ ಕೈಗೆ ಬರುವ ಹಣವಲ್ಲ. ಮುಂಬಯಿಯ ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು 2025ರ ಫೆಬ್ರವರಿ 13ರಂದು ನಿರ್ಬಂಧ ಹೇರಿದಾಗ ಠೇವಣಿದಾರರು ಒಂದು ರೂಪಾಯಿಯನ್ನೂ ತೆಗೆಯುವಂತಿರಲಿಲ್ಲ. ಎರಡು ವಾರ ಕಳೆದ ಮೇಲೆ 25,000ದವರೆಗೆ ತೆಗೆಯಲು ಅನುಮತಿ ಸಿಕ್ಕಿತು. 2021ರಲ್ಲಿ ತಿದ್ದುಪಡಿಯಾದ ಕಾನೂನಿನ ಪ್ರಕಾರ, ಹೀಗೆ ನಿರ್ಬಂಧ ಬಿದ್ದ ಬ್ಯಾಂಕಿನ ವಿಮಾ ಹಣ 90 ದಿನಗಳೊಳಗೆ ಸಿಗಬೇಕು. ಹಣ ಮುಳುಗುವುದಿಲ್ಲ ಸರಿ, ಆದರೆ ಆಸ್ಪತ್ರೆಯ ಬಿಲ್ಲು 90 ದಿನ ಕಾಯುವುದಿಲ್ಲ.

ಹಾಗಾಗಿ ಆಪತ್ತಿನ ಹಣ ಎರಡು ಬ್ಯಾಂಕುಗಳಲ್ಲಿರಲಿ, ಅದೂ ಸಂಬಳ ಬೀಳುವ ಖಾತೆಯಿಂದ ಬೇರೆಯಾಗಿ. ಒಂದು ತಿಂಗಳ ಖರ್ಚಿನಷ್ಟು ಎಟಿಎಮ್ಮಿನಿಂದ ತೆಗೆಯಬಹುದಾದ ಉಳಿತಾಯ ಖಾತೆಯಲ್ಲಿ, ಮಿಕ್ಕಿದ್ದು ಬೇಕಾದಾಗ ಮುರಿಯಬಹುದಾದ ಎಫ್‌ಡಿಯಲ್ಲಿ. ಖಾತೆ ಜಂಟಿಯಾಗಿದ್ದು, ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದಾದ ಬಗೆಯದಾಗಿರಬೇಕು. ಇಲ್ಲದಿದ್ದರೆ ಆಸ್ಪತ್ರೆಯಲ್ಲಿ ಮಲಗಿದವರ ಸಹಿಗಾಗಿಯೇ ಕಾಯಬೇಕಾಗುತ್ತದೆ.

ತಪ್ಪು ಕಲ್ಪನೆ 4: ಹನ್ನೊಂದು ತಿಂಗಳ ಬಾಡಿಗೆ ಕರಾರಿಗೆ ನೋಂದಣಿ ಬೇಕಿಲ್ಲ, ಖರ್ಚೂ ಇಲ್ಲ

ಸತ್ಯ: ಕರ್ನಾಟಕದ ಅಭ್ಯಾಸವನ್ನು ಹೊತ್ತು ತಂದವರು ಇಲ್ಲಿ ಎಡವುತ್ತಾರೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೇ ಕಲಮಿನ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರು ಬರವಣಿಗೆಯಲ್ಲಿರಬೇಕು ಮತ್ತು ನೋಂದಣಿಯಾಗಲೇಬೇಕು, ಅವಧಿ ಹನ್ನೊಂದೇ ತಿಂಗಳಾದರೂ ಸರಿ. ನೋಂದಣಿ ಮಾಡಿಸುವ ಹೊಣೆ ಮನೆ ಮಾಲೀಕರದು. ಮುದ್ರಾಂಕ, ನೋಂದಣಿ ಶುಲ್ಕ, ಏಜೆಂಟರ ಹಣವನ್ನು ಯಾರು ಕೊಡಬೇಕು ಎಂಬುದನ್ನು ಮಾತಾಡಿ ಬಗೆಹರಿಸಿಕೊಳ್ಳಬೇಕು. ಕರಾರು ನವೀಕರಿಸುವಾಗ ಬಾಡಿಗೆಯೂ ಏರಬಹುದು.

ಇದು ವರ್ಷಕ್ಕೊಮ್ಮೆ ಬರುವ ಖರ್ಚು, ಆದರೆ ಬರುವುದು ಖಚಿತ. ಇಂಥವೆಲ್ಲ ಹಾಳೆಯ ಗುರಿಗಳ ಸಾಲಿಗೆ ಸೇರಬೇಕು. ನಮ್ಮ ದಂಪತಿಯ ಗುರಿಗಳು ಹೀಗಿವೆ: ಕರಾರಿನ ಖರ್ಚಿಗೆ 8,000, ಊರಿಗೆ ಹೋಗಿಬರಲು 24,000, ಆರೋಗ್ಯ ವಿಮೆಯ ಕಂತು 16,000, ಮಗುವಿನ ಶಾಲೆಯ ಶುಲ್ಕ 36,000. ಒಟ್ಟು 84,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 7,000. ಪ್ರತಿ ಗುರಿಯ ಮುಂದೆ ಅದು ಬರುವ ತಿಂಗಳನ್ನೂ ಬರೆಯಿರಿ. ಶುಲ್ಕ ಕಟ್ಟಲು ನಾಲ್ಕೇ ತಿಂಗಳಿದ್ದರೆ 36,000ವನ್ನು ಭಾಗಿಸಬೇಕಾದ್ದು ನಾಲ್ಕರಿಂದ, ಹನ್ನೆರಡರಿಂದಲ್ಲ. ಮೊದಲ ವರ್ಷದ ಲೆಕ್ಕ ತಪ್ಪುವುದು ಬಹುಮಟ್ಟಿಗೆ ಇಲ್ಲಿಯೇ.

ತಪ್ಪು ಕಲ್ಪನೆ 5: ಗುರಿಯ ಹಣವನ್ನೂ ಷೇರು ಫಂಡಿನ ಎಸ್‌ಐಪಿಗೆ ಹಾಕಿದರೆ ಬೇಗ ಬೆಳೆಯುತ್ತದೆ

ಸತ್ಯ: ವರ್ಷದೊಳಗೆ ಬೇಕಾಗುವ ಹಣಕ್ಕೆ ಬೆಳೆಯಲು ಸಮಯವೇ ಇಲ್ಲ, ಕುಸಿಯಲು ಮಾತ್ರ ಒಂದು ತಿಂಗಳು ಸಾಕು. 2020ರ ಜನವರಿಯಲ್ಲಿ ಎತ್ತರದಲ್ಲಿದ್ದ ನಿಫ್ಟಿ ಮಾರ್ಚ್ 23ರ ಹೊತ್ತಿಗೆ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ಬಿದ್ದಿತ್ತು. ಹೋಟೆಲುಗಳು ಮುಚ್ಚಿದ್ದು ಅದೇ ವಾರ. ಪೇಟೆ ಬೀಳುವುದು ಮತ್ತು ಸಂಬಳ ನಿಲ್ಲುವುದು ಎಷ್ಟೋ ಸಲ ಜೊತೆಯಾಗಿಯೇ ಬರುತ್ತವೆ, ಎರಡಕ್ಕೂ ಕಾರಣ ಒಂದೇ ಆಗಿರುವುದರಿಂದ. ಆದ್ದರಿಂದ ವರ್ಷದ ಗುರಿಗಳಿಗೆ ಆರ್‌ಡಿ ಸಾಕು.

ಷೇರಿನ ದಾರಿ ಹತ್ತು ಹದಿನೈದು ವರ್ಷ ಮುಟ್ಟದ ಹಣಕ್ಕೆ. ಈ ಮನೆಯ ಹೂಡಿಕೆ ತಿಂಗಳಿಗೆ 8,000: ಗಂಡನ ಹೆಸರಿನಲ್ಲಿ ಇಂಡೆಕ್ಸ್ ಫಂಡಿನ ಎಸ್‌ಐಪಿ 5,000, ಹೆಂಡತಿಯ ಹೆಸರಿನಲ್ಲಿ ಪಿಪಿಎಫ್ 3,000. ಪಿಪಿಎಫ್‌ನಲ್ಲಿ ಐದನೇ ತಾರೀಖಿನಿಂದ ತಿಂಗಳ ಕೊನೆಯವರೆಗಿನ ಅತಿ ಕಡಿಮೆ ಬಾಕಿಗೆ ಮಾತ್ರ ಆ ತಿಂಗಳ ಬಡ್ಡಿ. ಈಕೆಯ ಸಂಬಳ ಬರುವುದು ಏಳಕ್ಕೆ. ಆ 3,000ವನ್ನು ಖಾತೆಯಲ್ಲೇ ಇಟ್ಟು ಮುಂದಿನ ತಿಂಗಳ ಒಂದನೇ ತಾರೀಖಿಗೆ ಕಟ್ಟಿದರೂ ಪಿಪಿಎಫ್ ಬಡ್ಡಿ ಏನೂ ಕಡಿಮೆಯಾಗದು. ಎಸ್‌ಐಪಿಯ ದಿನವಂತೂ ಸಂಬಳದ ನಂತರವೇ ಇರಬೇಕು. ಖಾತೆಯಲ್ಲಿ ಹಣವಿಲ್ಲದೆ ಕಂತು ತಪ್ಪಿದರೆ ಬ್ಯಾಂಕು ದಂಡ ಹಾಕುತ್ತದೆ.

ತಪ್ಪು ಕಲ್ಪನೆ 6: 50-30-20 ಸೂತ್ರ ಇದ್ದ ಮೇಲೆ ಬೇರೆ ಲೆಕ್ಕ ಬೇಡ

ಸತ್ಯ: ಅಗತ್ಯಕ್ಕೆ 50, ಆಸೆಗೆ 30, ಉಳಿತಾಯಕ್ಕೆ 20 ಎಂಬ ಈ ಸೂತ್ರ ಅಮೆರಿಕದ ಎಲಿಜಬೆತ್ ವಾರನ್ ಮತ್ತು ಅವರ ಮಗಳು 2005ರಲ್ಲಿ ಬರೆದ ಪುಸ್ತಕದಿಂದ ಜನಪ್ರಿಯವಾಯಿತು. ಊರಿಗೆ ಹಣ ಕಳಿಸುವ, ಶಾಲೆಯ ಶುಲ್ಕವನ್ನು ಒಂದೇ ಗಂಟಿನಲ್ಲಿ ಕಟ್ಟುವ ನಮ್ಮ ಮನೆಗಳಿಗೆ ಅದು ಹೇಗೆ ಹೊಂದೀತು? ಈ ದಂಪತಿಯ ತಿಂಗಳ ಖರ್ಚೇ ಶೇಕಡಾ 55 ಮುಟ್ಟಿದೆ. ಅದು ತಪ್ಪಲ್ಲ. ಕೈಖರ್ಚನ್ನು ಶೇಕಡಾ 9ಕ್ಕೆ ಇಳಿಸಿ ಅದನ್ನು ಸರಿದೂಗಿಸಿಕೊಂಡಿದ್ದಾರೆ.

ಕೊನೆಗೆ ಹಾಳೆಯಲ್ಲಿ ಉಳಿಯುವುದು ಇಷ್ಟೇ:

2ನೇ ತಾರೀಖು: ಗಂಡನಿಂದ ಜಂಟಿ ಖಾತೆಗೆ 24,000, ಆಪತ್ತಿನ ಖಾತೆಗೆ 9,000, ಗುರಿಗಳ ಆರ್‌ಡಿಗೆ 3,000.
4ನೇ ತಾರೀಖು: ಎಸ್‌ಐಪಿ 5,000.
5ನೇ ತಾರೀಖು: ಜಂಟಿ ಖಾತೆಯಿಂದ ಬಾಡಿಗೆ 15,000.
8ನೇ ತಾರೀಖು: ಹೆಂಡತಿಯಿಂದ ಜಂಟಿ ಖಾತೆಗೆ 12,000, ಗುರಿಗಳ ಆರ್‌ಡಿಗೆ 4,000, ಪಿಪಿಎಫ್‌ಗೆ 3,000 ಎತ್ತಿಡುವುದು.
ಉಳಿದದ್ದು: ಇಬ್ಬರಿಗೂ ತಲಾ 3,000 ಕೈಖರ್ಚು. ಇದರ ಲೆಕ್ಕ ಯಾರೂ ಯಾರನ್ನೂ ಕೇಳುವಂತಿಲ್ಲ.

ತಿಂಗಳ 25ಕ್ಕೆ ಜಂಟಿ ಖಾತೆಯನ್ನು ಒಮ್ಮೆ ನೋಡಿ. ಸತತ ಮೂರು ತಿಂಗಳು ಅಷ್ಟರಲ್ಲೇ ಬರಿದಾಗಿದ್ದರೆ ದಿನಸಿಗೆ ಬರೆದ ಅಂಕಿಯೇ ಸುಳ್ಳು ಎಂದರ್ಥ. ಜಗಳವಾಡದೆ ಅಂಕಿಯನ್ನು ತಿದ್ದಿ, ಹೂಡಿಕೆಯಿಂದ ಅಷ್ಟು ಕಡಿತ ಮಾಡಿ. ಆಪತ್ತಿನ ಖಾತೆಗೆ 1,08,000 ತುಂಬಿದ ತಿಂಗಳಿನಿಂದ ಆ 9,000 ಹೂಡಿಕೆಗೆ ಹೋಗುತ್ತದೆ ಎಂಬುದನ್ನೂ ಇವತ್ತೇ ಅದೇ ಹಾಳೆಯಲ್ಲಿ ಬರೆದು, ಇಬ್ಬರೂ ಓದಿ ಒಪ್ಪಿಕೊಳ್ಳಿ. ಬರೆಯದೆ ಬಿಟ್ಟ 9,000 ಮುಂದಿನ ತಿಂಗಳೇ ಖರ್ಚಾಗಿಬಿಡುತ್ತದೆ.