ಏಪ್ರಿಲ್ 1ರಿಂದ ಹಿಂದಕ್ಕೆ ಎಣಿಸಿದರೆ

ದೊಡ್ಡ ಕಂಪನಿಗಳಿಗೆ ಸಾಫ್ಟ್‌ವೇರ್ ಮಾರುವವರು ಪದೇ ಪದೇ ಕೇಳುವ ಮಾತು: ‘ನಮಗೆ ಇಷ್ಟವಾಗಿದೆ, ಒಳಗೆ ಅಪ್ರೂವಲ್ ಆಗಬೇಕು.’ ಆಮೇಲೆ ತಿಂಗಳುಗಟ್ಟಲೆ ಸುದ್ದಿಯಿರುವುದಿಲ್ಲ. ಎಷ್ಟೋ ಸಲ ಹಾಗೆಂದ ಅಧಿಕಾರಿಗೇ ಕಡತ ಯಾರ್ಯಾರ ಕೈ ದಾಟಬೇಕೆಂಬುದು ಪೂರ್ತಿ ಗೊತ್ತಿರುವುದಿಲ್ಲ. ಏಕೆಂದರೆ ಇಂಥ ಖರೀದಿ ಅವರ ಪಾಲಿಗೆ ಬರುವುದು ವರ್ಷಗಳಿಗೊಮ್ಮೆ. ಈ ದಾರಿಯನ್ನು ಎರಡೂ ಕಡೆಯವರು ಕೂತು ಬರೆದುಕೊಳ್ಳುವುದೇ ಮ್ಯೂಚುವಲ್ ಆಕ್ಷನ್ ಪ್ಲಾನ್. ಇಬ್ಬರೂ ತೆರೆದು ತಿದ್ದಬಹುದಾದ ಒಂದು ಶೀಟಿನಲ್ಲಿ ಕೆಲಸ, ಹೊಣೆಗಾರರ ಹೆಸರು, ತಾರೀಖು ಇಷ್ಟಿದ್ದರೆ ಸಾಕು.

ಒಂದು ಕಾರ್ಖಾನೆ ಸಂಬಳ ಲೆಕ್ಕದ ಹೊಸ ಸಾಫ್ಟ್‌ವೇರ್ ಕೊಳ್ಳುತ್ತಿದೆ ಎಂದುಕೊಳ್ಳಿ. ವರ್ಷದ ನಡುವೆ ಬದಲಿಸಿದರೆ ನೌಕರರ ತೆರಿಗೆ ಕಡಿತದ ಲೆಕ್ಕ ಎರಡು ಕಡೆ ಹಂಚಿಹೋಗುತ್ತದೆ. ಹಾಗಾಗಿ ಏಪ್ರಿಲ್ 1ಕ್ಕೇ ಅದು ಶುರುವಾಗಬೇಕು. ಯೋಜನೆ ಹುಟ್ಟುವುದು ಅಲ್ಲಿಂದ ಹಿಂದಕ್ಕೆ ಎಣಿಸುವುದರಿಂದ. ಫೆಬ್ರುವರಿ, ಮಾರ್ಚ್ ಸಂಬಳವನ್ನು ಹಳೆಯದರಲ್ಲೂ ಹೊಸದರಲ್ಲೂ ಲೆಕ್ಕಹಾಕಿ ತಾಳೆ ನೋಡಬೇಕು. ಜನವರಿ ಪೂರ್ತಿ ನೌಕರರ ಮಾಹಿತಿ ತುಂಬಲು ಹೋಗುತ್ತದೆ. ಅಂದರೆ ಡಿಸೆಂಬರ್ ಕೊನೆಗೆ ಪರ್ಚೇಸ್ ಆರ್ಡರ್ ಕೈಗೆ ಬರಬೇಕು.

ಕಷ್ಟದ ಸಾಲುಗಳಿರುವುದು ಅದಕ್ಕೂ ಹಿಂದೆ. ಹಣಕಾಸು ಸಮಿತಿ ತಿಂಗಳಿಗೊಮ್ಮೆ, ಡಿಸೆಂಬರ್ 10ಕ್ಕೆ ಸೇರುತ್ತದೆ. ಕಾಗದಪತ್ರ ವಾರ ಮುಂಚೆ ತಲುಪಬೇಕು. ಅದರ ಜೊತೆ ಮಾಹಿತಿ ಸುರಕ್ಷತಾ ವಿಭಾಗದ ವರದಿಯೂ ಇರಬೇಕು. ಅವರ ಪರಿಶೀಲನೆಗೆ ಮೂರು ವಾರ ಬೇಕಾದರೆ, ಅವರ ಪ್ರಶ್ನಾವಳಿಗೆ ಉತ್ತರ ನವೆಂಬರ್ ಮೊದಲ ವಾರವೇ ಸೇರಿರಬೇಕು. ಕರಾರಿನ ಕರಡು ಲೀಗಲ್ ವಿಭಾಗಕ್ಕೆ ಹೋಗುವುದೂ ಆಗಲೇ. ಜಿಎಸ್‌ಟಿ, ಪ್ಯಾನ್, ಬ್ಯಾಂಕ್ ದಾಖಲೆ ಕೊಟ್ಟು ವೆಂಡರ್ ಕೋಡ್ ಪಡೆಯುವ ಸಣ್ಣ ಕೆಲಸ ಮರೆತರೆ, ಸಮಿತಿ ಒಪ್ಪಿದರೂ ಆರ್ಡರ್ ಹೊರಡುವುದಿಲ್ಲ. ಸುರಕ್ಷತಾ ವರದಿ ಎರಡು ದಿನ ತಡವಾದರೆ ಹೋಗುವುದು ಎರಡು ದಿನವಲ್ಲ. ಮುಂದಿನ ಸಭೆಯವರೆಗೆ ಒಂದಿಡೀ ತಿಂಗಳು. ಆ ತಿಂಗಳು ತಾಳೆ ನೋಡುವ ಅವಧಿಯನ್ನೇ ನುಂಗುತ್ತದೆ. ಈ ಲೆಕ್ಕ ಅಕ್ಟೋಬರಿನಲ್ಲೇ ಎದುರಿಗಿದ್ದರೆ ಎಚ್‌ಆರ್ ಮುಖ್ಯಸ್ಥರು ಸುರಕ್ಷತಾ ವಿಭಾಗದವರ ಬಳಿ ಕಾರಣ ಸಮೇತ ಕೇಳಬಹುದು: ‘ನವೆಂಬರ್ 28ರೊಳಗೆ ವರದಿ ಬೇಕು ಸರ್, ಡಿಸೆಂಬರ್ ಸಭೆ ತಪ್ಪಿದರೆ ಏಪ್ರಿಲ್ ತಪ್ಪುತ್ತದೆ.’

ಯೋಜನೆ ಕೆಡುವುದು ಮಾರುವವರು ಒಬ್ಬರೇ ಕೂತು ಬರೆದಾಗ. ಆಗ ಅದರಲ್ಲಿ ಅವರದೇ ಡೆಮೊ, ಅವರದೇ ಪ್ರಸ್ತಾವನೆ ತುಂಬಿರುತ್ತವೆ. ಕೊನೆಯ ತಾರೀಖು ಕೂಡ ಅವರ ಮಾರಾಟ ಗುರಿಯದು. ಅವರ ತ್ರೈಮಾಸಿಕ ಮುಗಿಯುತ್ತದೆಂದು ಕೊಳ್ಳುವವರ ಕಡೆ ಯಾರೂ ಓಡಾಡುವುದಿಲ್ಲ. ಕೊಳ್ಳುವವರು ತಾವೇ ಶೀಟು ತೆರೆದು ‘ಈ ಸಹಿ ನನ್ನದಲ್ಲ, ಸಿಎಫ್‌ಒ ಅವರದು’ ಎಂದು ತಿದ್ದಿದರೆ ಯೋಜನೆಗೆ ಜೀವವಿದೆ ಎಂದರ್ಥ.

ಕಾರಣ ಹೇಳಿ ಒಂದು ತಾರೀಖು ಮುಂದೂಡಿದರೆ ಗಾಬರಿ ಬೇಡ, ಉಳಿದ ಸಾಲುಗಳನ್ನು ಹೊಂದಿಸಿಕೊಂಡರಾಯಿತು. ಆದರೆ ಒಂದೇ ಸಾಲು ಕಾರಣವಿಲ್ಲದೆ ಎರಡು ಸಲ ಜಾರಿದರೆ ಒಳಗೆ ಯಾರೋ ಒಪ್ಪಿಲ್ಲ, ಇಲ್ಲವೇ ಹಣ ತೆಗೆದಿಟ್ಟಿಲ್ಲ. ಬೇಡಿಕೆಯನ್ನು ಯಾವ ಶೀಟೂ ಹುಟ್ಟಿಸಲಾರದು. ಆಗ ಜ್ಞಾಪನೆಯ ಇ-ಮೇಲ್ ಕಳಿಸುತ್ತ ಕೂರುವ ಬದಲು ನೇರವಾಗಿ ಕೇಳುವುದು ಲೇಸು: ಈ ಏಪ್ರಿಲ್‌ಗೆ ಇದು ನಿಜಕ್ಕೂ ಬೇಕೆ, ಮುಂದಿನ ವರ್ಷಕ್ಕೆ ಇಟ್ಟುಕೊಳ್ಳೋಣವೆ?