C5H10: ಹತ್ತೋ, ಹನ್ನೆರಡೋ, ಹದಿಮೂರೋ?

ಐದು ಇಂಗಾಲ, ಹತ್ತು ಹೈಡ್ರೋಜನ್. ಇವನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು? ಪಿಯುಸಿ ರಸಾಯನಶಾಸ್ತ್ರ ಓದಿದವರಿಗೆಲ್ಲ ಇಂಥ ಪ್ರಶ್ನೆಯ ಪರಿಚಯವಿರುತ್ತದೆ. ಅಣುಸೂತ್ರ ಒಂದೇ ಆಗಿದ್ದು ಜೋಡಣೆ ಬೇರೆಯಾಗಿರುವ ವಸ್ತುಗಳೇ ಸಮಾಂಗಿಗಳು. ಅವನ್ನು ಎಣಿಸಲು ಕೂತವರು ಸಾಮಾನ್ಯವಾಗಿ ಕಣ್ಣಿಗೆ ಹೊಳೆದದ್ದನ್ನೆಲ್ಲ ಬರೆಯುತ್ತಾ ಹೋಗುತ್ತಾರೆ. ಆಗ ಒಂದೇ ಅಣು ಎರಡು ಸಲ ಲೆಕ್ಕಕ್ಕೆ ಬರುತ್ತದೆ, ಇನ್ನೊಂದು ತಪ್ಪಿಯೇ ಹೋಗುತ್ತದೆ.

ಚಿತ್ರ ಬರೆಯುವ ಮೊದಲು ಹೈಡ್ರೋಜನ್‌ಗಳನ್ನು ಎಣಿಸಬೇಕು. ಐದು ಇಂಗಾಲಗಳ ಸರಪಳಿಯಲ್ಲಿ ಎಲ್ಲವೂ ಏಕಬಂಧಗಳಾಗಿದ್ದರೆ 12 ಹೈಡ್ರೋಜನ್ ಹಿಡಿಯುತ್ತವೆ. ಇಲ್ಲಿರುವುದು 10, ಅಂದರೆ ಒಂದು ಜೊತೆ ಕಡಿಮೆ. ಈ ಕೊರತೆಗೆ ಕಾರಣ ಎರಡೇ ಇರಲು ಸಾಧ್ಯ: ಅಣುವಿನಲ್ಲಿ ಒಂದು ದ್ವಿಬಂಧವಿರಬೇಕು, ಇಲ್ಲವೇ ಇಂಗಾಲಗಳು ಒಂದು ಉಂಗುರ ಕಟ್ಟಿರಬೇಕು. ಉಂಗುರವನ್ನು ಮರೆತವರು ಇಲ್ಲೇ ಅರ್ಧ ಉತ್ತರ ಕಳೆದುಕೊಳ್ಳುತ್ತಾರೆ.

ಮೊದಲು ದ್ವಿಬಂಧದ ಕಡೆಯನ್ನು ನೋಡೋಣ. ಹೈಡ್ರೋಜನ್ ಮರೆತು ಇಂಗಾಲದ ಹಂದರ ಮಾತ್ರ ಬರೆದುಕೊಳ್ಳಿ. ಐದು ಇಂಗಾಲಕ್ಕೆ ಮೂರೇ ಹಂದರ: ನೇರ ಸರಪಳಿ, ಒಂದು ಕವಲಿನದು, ನಡುವಿನ ಒಂದು ಇಂಗಾಲಕ್ಕೆ ಉಳಿದ ನಾಲ್ಕೂ ಅಂಟಿರುವುದು. ಈ ಕೊನೆಯದರಲ್ಲಿ ನಡುವಿನ ಇಂಗಾಲದ ನಾಲ್ಕು ಬಂಧಗಳೂ ಖರ್ಚಾಗಿವೆ, ಆದ್ದರಿಂದ ದ್ವಿಬಂಧಕ್ಕೆ ಜಾಗವೇ ಇಲ್ಲ. ನೇರ ಸರಪಳಿಯಲ್ಲಿ ದ್ವಿಬಂಧವನ್ನು ಎರಡು ಕಡೆ ಇಡಬಹುದು: 1-ಪೆಂಟೀನ್, 2-ಪೆಂಟೀನ್. ಮೂರನೇ ಇಂಗಾಲದಿಂದ ಇಟ್ಟರೆ ಏನಾಗುತ್ತದೆ? ಸರಪಳಿಯನ್ನು ಇನ್ನೊಂದು ತುದಿಯಿಂದ ಎಣಿಸಿ ನೋಡಿ, ಅದು 2-ಪೆಂಟೀನೇ. ಕವಲಿನ ಹಂದರದಲ್ಲಿ ಮೂರು ಸಿಗುತ್ತವೆ: 2-ಮೀಥೈಲ್-1-ಬ್ಯೂಟೀನ್, 3-ಮೀಥೈಲ್-1-ಬ್ಯೂಟೀನ್, 2-ಮೀಥೈಲ್-2-ಬ್ಯೂಟೀನ್. ಅಲ್ಲಿಗೆ ಐದಾಯಿತು. ಅನುಮಾನ ಬಂದಾಗಲೆಲ್ಲ ಚಿತ್ರಕ್ಕೆ ನಿಯಮದಂತೆ ಹೆಸರು ಕೊಡುವುದು ನನಗೆ ಗೊತ್ತಿರುವ ಅತ್ಯಂತ ಭರವಸೆಯ ಪರೀಕ್ಷೆ. ಕಾಗದದ ಮೇಲೆ ಹೇಗೆ ಬಾಗಿಸಿ ಬರೆದರೂ ರಚನೆಯ ಹೆಸರು ಒಂದೇ ಬಂದರೆ ರಚನೆಯೂ ಒಂದೇ.

ಉಂಗುರಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತಾ ಬರೆಯುವುದು ಸುಲಭ. ಐದೂ ಇಂಗಾಲ ಉಂಗುರದಲ್ಲಿದ್ದರೆ ಸೈಕ್ಲೋಪೆಂಟೇನ್. ನಾಲ್ಕು ಉಂಗುರದಲ್ಲಿ, ಒಂದು ಹೊರಗೆ ಇದ್ದರೆ ಮೀಥೈಲ್‌ಸೈಕ್ಲೋಬ್ಯೂಟೇನ್. ತ್ರಿಕೋನದ ಉಂಗುರವಾದರೆ ಎರಡು ಇಂಗಾಲ ಹೊರಗುಳಿಯುತ್ತವೆ. ಅವು ಒಂದರ ಹಿಂದೊಂದು ನಿಂತರೆ ಈಥೈಲ್‌ಸೈಕ್ಲೋಪ್ರೊಪೇನ್. ಬೇರೆ ಬೇರೆಯಾಗಿ ಒಂದೇ ಮೂಲೆಗೆ ಅಂಟಿದರೆ 1,1-ಡೈಮೀಥೈಲ್, ಎರಡು ಮೂಲೆಗಳಿಗೆ ಅಂಟಿದರೆ 1,2-ಡೈಮೀಥೈಲ್‌ಸೈಕ್ಲೋಪ್ರೊಪೇನ್. ತ್ರಿಕೋನದಲ್ಲಿ ಯಾವ ಎರಡು ಮೂಲೆಗಳೂ ಅಕ್ಕಪಕ್ಕದವೇ ಆದ್ದರಿಂದ 1,3 ಎಂಬುದು ಬೇರೆ ಅಣುವಲ್ಲ. ಇಲ್ಲೂ ಐದು. ರಚನಾ ಸಮಾಂಗಿಗಳು ಒಟ್ಟು 10.

ಇನ್ನು ಜ್ಯಾಮಿತೀಯ ಸಮಾಂಗಿಗಳು. ಏಕಬಂಧದ ಸುತ್ತ ಅಣುವಿನ ಭಾಗಗಳು ಸಲೀಸಾಗಿ ತಿರುಗುತ್ತವೆ, ದ್ವಿಬಂಧದ ಸುತ್ತ ತಿರುಗಲಾರವು. ಹಾಗೆಂದು ದ್ವಿಬಂಧ ಕಂಡಲ್ಲೆಲ್ಲ ಸಿಸ್, ಟ್ರಾನ್ಸ್ ಎಂದು ಎರಡೆರಡು ಬರೆಯುವಂತಿಲ್ಲ. ದ್ವಿಬಂಧದ ಎರಡೂ ತುದಿಯ ಇಂಗಾಲಗಳನ್ನು ಒಂದೊಂದಾಗಿ ವಿಚಾರಿಸಬೇಕು: ನಿನಗಂಟಿದ ಎರಡು ಗುಂಪುಗಳು ಬೇರೆ ಬೇರೆಯೇ? ಒಂದು ತುದಿಯಲ್ಲಿ ಎರಡೂ ಒಂದೇ ಆಗಿದ್ದರೂ ಅವನ್ನು ಅದಲುಬದಲು ಮಾಡಿದರೆ ಹೊಸ ಅಣು ಹುಟ್ಟುವುದಿಲ್ಲ. ನಮ್ಮ ಐದರಲ್ಲಿ ಹೆಸರಿನಲ್ಲಿ 1-ಪೆಂಟೀನ್, 1-ಬ್ಯೂಟೀನ್ ಇರುವ ಮೂರಕ್ಕೂ ತುದಿಯಲ್ಲಿ ಎರಡು ಹೈಡ್ರೋಜನ್ ಇವೆ, ಹಾಗಾಗಿ ಅವು ಹೊರಗೆ. 2-ಮೀಥೈಲ್-2-ಬ್ಯೂಟೀನ್‌ನ ಒಂದು ಇಂಗಾಲದಲ್ಲಿ ಎರಡು ಮೀಥೈಲ್‌ಗಳಿವೆ, ಅದೂ ಹೊರಗೆ. ಉಳಿಯುವುದು 2-ಪೆಂಟೀನ್ ಒಂದೇ: CH3-CH=CH-CH2-CH3. ಎರಡು ತುದಿಗಳ ಹೈಡ್ರೋಜನ್‌ಗಳು ಒಂದೇ ಬದಿಗಿದ್ದರೆ ಸಿಸ್, ಎದುರುಬದುರಾದರೆ ಟ್ರಾನ್ಸ್.

ಬಹಳಷ್ಟು ಮಂದಿ ಇಲ್ಲಿಗೆ ಕೈಬಿಡುತ್ತಾರೆ. ಆದರೆ ಉಂಗುರದಲ್ಲೂ ಬಂಧಗಳು ಪೂರ್ತಿ ತಿರುಗಲಾರವು. 1,2-ಡೈಮೀಥೈಲ್‌ಸೈಕ್ಲೋಪ್ರೊಪೇನ್‌ನ ಎರಡು ಮೀಥೈಲ್‌ಗಳು ತ್ರಿಕೋನದ ಒಂದೇ ಮುಖದ ಮೇಲಿರಬಹುದು, ಒಂದು ಮೇಲೆ ಇನ್ನೊಂದು ಕೆಳಗೆ ಇರಬಹುದು. ಹೀಗೆ ಇನ್ನೊಂದು ಜೋಡಿ ಸಿಕ್ಕಿತು. ಜೋಡಿ ಸಿಕ್ಕರೂ ಲೆಕ್ಕಕ್ಕೆ ಹೊಸದಾಗಿ ಸೇರುವುದು ಒಂದೊಂದೇ, ಏಕೆಂದರೆ ಆ ಎರಡೂ ಅಣುಗಳನ್ನು ಆಗಲೇ ಒಮ್ಮೆ ಎಣಿಸಿದ್ದೇವೆ. ಹಾಗಾಗಿ 10ಕ್ಕೆ 2 ಸೇರಿ 12.

ಹದಿಮೂರನೆಯದು ಎಲ್ಲಿಂದ? ಆ ಟ್ರಾನ್ಸ್ ಉಂಗುರವನ್ನು ಕನ್ನಡಿಯಲ್ಲಿ ನೋಡಿದರೆ ಕಾಣುವ ಬಿಂಬ, ಎಡಗಾಲಿನ ಚಪ್ಪಲಿಗೆ ಬಲಗಾಲಿನದು ಹೇಗೋ ಹಾಗೆ, ಮೂಲದ ಮೇಲೆ ಸರಿಯಾಗಿ ಕೂರುವುದಿಲ್ಲ. ಸಿಸ್ ಉಂಗುರದ ಎರಡು ಅರ್ಧಗಳು ಒಂದಕ್ಕೊಂದು ಪಡಿಯಚ್ಚಾದ್ದರಿಂದ ಅದರ ಬಿಂಬ ಅದೇ ಆಗಿರುತ್ತದೆ. ಟ್ರಾನ್ಸ್‌ನ ಈ ಎರಡು ರೂಪಗಳು ಜ್ಯಾಮಿತೀಯ ಸಮಾಂಗಿಗಳಲ್ಲ, ದ್ಯುತಿ ಸಮಾಂಗಿಗಳು. ರಚನಾ ಮತ್ತು ಜ್ಯಾಮಿತೀಯ ಎಂದಷ್ಟೇ ಕೇಳಿದರೆ 12ಕ್ಕೆ ನಿಲ್ಲಬೇಕು, ತ್ರಿವಿಮ ಸಮಾಂಗಿಗಳೆಲ್ಲ ಸೇರಿ ಎಂದಿದ್ದರೆ ಮುಂದೆ ಹೋಗಬೇಕು. 2009ರ ಐಐಟಿ ಪ್ರವೇಶ ಪರೀಕ್ಷೆಯಲ್ಲಿ ಇದೇ C5H10ನ ಉಂಗುರಗಳನ್ನಷ್ಟೇ, ತ್ರಿವಿಮ ರೂಪಗಳನ್ನೂ ಸೇರಿಸಿ ಎಣಿಸಲು ಕೇಳಿದ್ದರು. ಉತ್ತರ 7: ಐದು ರಚನೆ, ಒಂದು ಟ್ರಾನ್ಸ್, ಅದರ ಬಿಂಬ ಒಂದು. ದ್ವಿಬಂಧದ ಕಡೆಯ ಆರನ್ನು ಕೂಡಿಸಿದರೆ 13.